ಪಣಂಬೂರಿನಿಂದ ಗೋದಾಮಿಗೆ: ಗೇರುಬೀಜದ ನಿಜವಾದ ಅಸಲು

ಮಾರ್ಚ್ ತಿಂಗಳ ಬಿಸಿಲಿಗೆ ಪಣಂಬೂರಿನ ಕಂಟೇನರ್ ಅಂಗಳ ಕಾದ ಕಾವಲಿಯಂತಾಗಿರುತ್ತದೆ. ಪಶ್ಚಿಮ ಆಫ್ರಿಕಾದಿಂದ ಬಂದ ನಲವತ್ತು ಅಡಿ ಉದ್ದದ ಪೆಟ್ಟಿಗೆಯ ಬಾಗಿಲು ತೆರೆದರೆ ಮೊದಲು ಹೊರಬರುವುದು ಬಿಸಿ ಗಾಳಿ, ಅದರ ಹಿಂದೆಯೇ ಸೆಣಬಿನ ಗೋಣಿಯ ಮತ್ತು ಹಸಿ ಗೇರುಬೀಜದ ವಾಸನೆ. ಬಾಗಿಲ ಬಳಿಯ ಚೀಲಗಳನ್ನು ಕೆಳಗಿಳಿಸಿ, ಚೂಪು ಕೊಳವೆ ಚುಚ್ಚಿ ಬೀಜದ ಮಾದರಿ ತೆಗೆಯುತ್ತಾರೆ. ಹುಳು ಹಿಡಿದಿದೆಯೇ, ಬೂಷ್ಟು ಬಂದಿದೆಯೇ ಎಂದು ನೋಡುತ್ತಾರೆ. ಕ್ಲಿಯರಿಂಗ್ ಏಜೆಂಟಿನ ಕಡೆಯ ಹುಡುಗ ಕಾಗದಗಳ ಕಟ್ಟು ಹಿಡಿದು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಾಡುತ್ತಾನೆ. ಗೇಟಿನ ಹೊರಗೆ ಕಾರ್ಕಳ, ಕುಂದಾಪುರ, ಪುತ್ತೂರಿನ ಕಡೆ ಹೋಗಬೇಕಾದ ಲಾರಿಗಳು ಸಾಲುಗಟ್ಟಿರುತ್ತವೆ.

ಈ ಅಂಗಳದಲ್ಲಿ ಕಳೆಯುವ ಪ್ರತಿ ದಿನಕ್ಕೂ, ಅಲ್ಲಿ ಬೀಳುವ ಪ್ರತಿ ಮೊಹರಿಗೂ ಯಾರೋ ಒಂದು ಬಿಲ್ ಕಳಿಸುತ್ತಾರೆ. ಆ ಬಿಲ್‌ಗಳಲ್ಲಿ ಯಾವುದು ಗೇರುಬೀಜದ ಬೆಲೆಯ ಭಾಗ, ಯಾವುದು ಅಲ್ಲ ಎನ್ನುವುದರ ಮೇಲೆ ಕಾರ್ಖಾನೆಯ ವರ್ಷದ ಲಾಭ, ಬ್ಯಾಂಕಿನಿಂದ ಸಿಗುವ ಸಾಲ, ಕೊನೆಗೆ ಗೋಡಂಬಿಯನ್ನು ಯಾವ ದರಕ್ಕೆ ಮಾರಿದರೆ ಕೈಸುಡುವುದಿಲ್ಲ ಎನ್ನುವುದೂ ನಿಂತಿದೆ.

ನಮ್ಮೂರ ಗೋಡಂಬಿ, ಹೊರನಾಡಿನ ಬೀಜ

ಕರಾವಳಿಯಲ್ಲಿ ಗೇರು ಮರಗಳಿಗೇನೂ ಬರವಿಲ್ಲ. ಫೆಬ್ರವರಿಯಿಂದ ಮೇ ತನಕ ಗುಡ್ಡಗಳ ಮೇಲೆ ಹಣ್ಣು ಉದುರುತ್ತಲೇ ಇರುತ್ತದೆ. ಪುತ್ತೂರಿನಲ್ಲಿ ಗೇರಿಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ನಿರ್ದೇಶನಾಲಯವಿದೆ. ಆದರೂ ಇಲ್ಲಿನ ಬೆಳೆಯನ್ನೇ ನಂಬಿದರೆ ಕಾರ್ಖಾನೆಗಳು ವರ್ಷದ ಕೆಲವೇ ತಿಂಗಳು ನಡೆದಾವು. ಬೀಜ ಒಡೆಯುವ, ಸಿಪ್ಪೆ ಸುಲಿಯುವ, ತಿರುಳು ವಿಂಗಡಿಸುವ ಸಾವಿರಾರು ಹೆಂಗಸರಿಗೆ ವರ್ಷಪೂರ್ತಿ ಕೆಲಸ ಸಿಗಬೇಕಾದರೆ ಐವರಿ ಕೋಸ್ಟ್, ಘಾನಾ, ಬೆನಿನ್, ಗಿನಿ ಬಿಸಾವು, ಟಾಂಜಾನಿಯಾಗಳಿಂದ ಬೀಜ ಬರಲೇಬೇಕು.

ಈ ವ್ಯಾಪಾರದಲ್ಲಿ ಮಾತು ನಡೆಯುವುದು ಟನ್ನಿಗೆ ಇಷ್ಟು ಡಾಲರ್ ಎಂಬ ಲೆಕ್ಕದಲ್ಲಿ. ಜೊತೆಗೆ ‘ಔಟ್‌ಟರ್ನ್’ ಎಷ್ಟು ಎಂದು ಕೇಳುತ್ತಾರೆ. 80 ಕಿಲೋ ಬೀಜ ಒಡೆದರೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬ ಅಳತೆ ಅದು. ದರ ಮತ್ತು ಔಟ್‌ಟರ್ನ್ ಎರಡೂ ಕುದುರಿದರೆ ಮಾಲೀಕರು ಫೋನಿನಲ್ಲೇ ಒಪ್ಪಂದ ಮುಗಿಸುತ್ತಾರೆ. ಆಗ ಮನಸ್ಸಿನಲ್ಲಿ ಕೂರುವುದು ಇನ್ವಾಯ್ಸಿನ ದರ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಇನ್ವಾಯ್ಸಿನ ದರಕ್ಕೆ ಬೀಜ ಪಣಂಬೂರಿನ ಕಟ್ಟೆಯವರೆಗೆ ಬರುತ್ತದೆ, ಕಾರ್ಖಾನೆಯ ಗೋದಾಮಿಗಲ್ಲ.

ನಿಯಮ ಕೇಳುವ ಎರಡು ಪ್ರಶ್ನೆ

ದಾಸ್ತಾನಿಗೆ ಬೆಲೆ ಕಟ್ಟುವುದು ಹೇಗೆ ಎಂದು ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಎರಡನೇ ಲೆಕ್ಕಪತ್ರ ಮಾನದಂಡ, ಅಂದರೆ ‘ಎಎಸ್ 2’, ಹೇಳುತ್ತದೆ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ‘ಇಂಡ್ ಎಎಸ್ 2’ ಕೂಡ ಈ ವಿಷಯದಲ್ಲಿ ಅದೇ ಮಾತನ್ನು ಆಡುತ್ತದೆ. ಸರಕು ಈಗ ಇರುವ ಜಾಗಕ್ಕೆ, ಈಗಿರುವ ಸ್ಥಿತಿಗೆ ಬರಲು ಆದ ಖರ್ಚೆಲ್ಲ ಅದರ ಅಸಲು. ಕೊಂಡ ಬೆಲೆ, ಸುಂಕ, ಸಾಗಣೆ, ಕೊಳ್ಳುವುದಕ್ಕೆ ನೇರವಾಗಿ ತಗುಲಿದ ಇತರ ವೆಚ್ಚ ಎಲ್ಲವೂ ಸೇರುತ್ತವೆ. ಮನೆ ಕಟ್ಟಲು ಮರಳು ತರಿಸಿದವರು ಲಾರಿ ಬಾಡಿಗೆಯನ್ನೂ ಮರಳಿನ ಲೆಕ್ಕಕ್ಕೇ ಬರೆಯುವುದಿಲ್ಲವೇ, ಹಾಗೆ.

ಆದರೆ ಇದಕ್ಕೆ ಎರಡು ಬೇಲಿಗಳಿವೆ. ಸರ್ಕಾರದಿಂದ ಮುಂದೆ ವಾಪಸು ಪಡೆಯಬಹುದಾದ ತೆರಿಗೆ ಅಸಲಿಗೆ ಸೇರುವುದಿಲ್ಲ. ಹಾಗೆಯೇ ಅಸಹಜವಾಗಿ ಹಾಳಾದದ್ದು, ಅನಗತ್ಯವಾಗಿ ಇರಿಸಿಕೊಂಡ ಬಾಡಿಗೆ, ಕಚೇರಿ ಖರ್ಚು, ಮಾರಾಟದ ಖರ್ಚು ಇವೂ ಸೇರುವುದಿಲ್ಲ. ಬಂದರಿನಿಂದ ಬಂದ ಯಾವುದೇ ಬಿಲ್ ಕೈಗೆತ್ತಿಕೊಂಡರೂ ಕೇಳಬೇಕಾದದ್ದು ಇಷ್ಟೇ. ಈ ಖರ್ಚಿಲ್ಲದೆ ಬೀಜ ಗೋದಾಮಿಗೆ ಬರುತ್ತಿತ್ತೇ? ಈ ಹಣ ನನಗೆ ಹಿಂತಿರುಗಿ ಬರುತ್ತದೆಯೇ? ಕೇಳಲು ಸುಲಭವಾದ ಈ ಪ್ರಶ್ನೆಗಳಿಗೆ ಉತ್ತರ ಎಲ್ಲಿ ಜಟಿಲವಾಗುತ್ತದೆ ಎಂಬುದು ಒಂದು ಉದಾಹರಣೆಯನ್ನು ಕೊನೆಯವರೆಗೆ ಲೆಕ್ಕ ಹಾಕಿದಾಗಲೇ ತಿಳಿಯುವುದು.

ನೂರು ಟನ್ನಿನ ಲೆಕ್ಕ

ಕಾರ್ಕಳದ ಕಡೆಯ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಐವರಿ ಕೋಸ್ಟಿನ ಅಬಿಜಾನ್ ಬಂದರಿನಿಂದ 100 ಟನ್ ಬೀಜ ತರಿಸಿತು ಎಂದುಕೊಳ್ಳೋಣ. ಒಟ್ಟು ನಾಲ್ಕು ಕಂಟೇನರ್. ಟನ್ನಿಗೆ 1,400 ಡಾಲರ್, ಹಡಗು ಬಾಡಿಗೆ ಮತ್ತು ವಿಮೆ ಮಾರುವವನದೇ. ವ್ಯಾಪಾರದ ಭಾಷೆಯಲ್ಲಿ ಇದು ‘ಸಿಐಎಫ್ ಮಂಗಳೂರು’ ದರ. ಒಟ್ಟು 1,40,000 ಡಾಲರ್. ಸರಕು ಹಡಗೇರಿದ ದಿನ ಡಾಲರಿಗೆ 85 ರೂಪಾಯಿ ಇತ್ತು ಎಂದರೆ ಪುಸ್ತಕದಲ್ಲಿ ಖರೀದಿ 1,19,00,000 ರೂಪಾಯಿ. ಕಿಲೋಗೆ 119. ಡಾಲರಿನ ದರವೂ ಮುಂದೆ ಬರುವ ಬಾಡಿಗೆ, ಶುಲ್ಕಗಳ ಮೊತ್ತಗಳೂ ಉದಾಹರಣೆಗೆಂದು ಇಟ್ಟುಕೊಂಡವು. ಸುಂಕ ಮತ್ತು ದಂಡದ ದರಗಳು ಮಾತ್ರ ಕಾನೂನಿನವು.

ಸುಂಕದ ಕಚೇರಿ ಈ 85ನ್ನು ಒಪ್ಪುವುದಿಲ್ಲ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ ಆಗಾಗ ಪ್ರಕಟಿಸುವ ವಿನಿಮಯ ದರವೇ ಅದಕ್ಕೆ ಪ್ರಮಾಣ. ಆ ದರ 86 ಇದ್ದರೆ ಸುಂಕ ಹಾಕಲು ಹಿಡಿಯುವ ಮೌಲ್ಯ 1,20,40,000 ರೂಪಾಯಿ. ಕಾರ್ಖಾನೆಯ ಪುಸ್ತಕದ ಮೊತ್ತ ಮತ್ತು ಬಿಲ್ ಆಫ್ ಎಂಟ್ರಿಯ ಮೊತ್ತ ಹೊಂದುತ್ತಿಲ್ಲವಲ್ಲ ಎಂದು ಹೊಸದಾಗಿ ಲೆಕ್ಕ ಬರೆಯುವವರು ಗಾಬರಿಯಾಗುವುದು ಇಲ್ಲಿಯೇ. ಅವು ಹೊಂದಬೇಕಾಗಿಲ್ಲ. ಖರೀದಿಯನ್ನು 85ರಲ್ಲೇ ಬರೆಯಬೇಕು. 86 ಬೇಕಾಗುವುದು ಸುಂಕ ಎಷ್ಟೆಂದು ತಿಳಿಯಲು ಮಾತ್ರ.

ಸಿಪ್ಪೆ ಸಹಿತ ಗೇರುಬೀಜಕ್ಕೆ ಮೂಲ ಆಮದು ಸುಂಕ 2.5%. 2018ರ ಕೇಂದ್ರ ಬಜೆಟ್ಟಿಗೆ ಮೊದಲು ಅದು 5% ಇತ್ತು. ನಮ್ಮ ಉದಾಹರಣೆಯಲ್ಲಿ ಇದು 3,01,000 ರೂಪಾಯಿ. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜ್, ಅಂದರೆ 30,100. ಈ ಎರಡನ್ನೂ ಸರ್ಕಾರ ಹಿಂದಿರುಗಿಸುವುದಿಲ್ಲ. ಆದ್ದರಿಂದ 3,31,100 ರೂಪಾಯಿ ಬೀಜದ ಅಸಲಿಗೆ ಸೇರಿತು.

ಇವೆಲ್ಲದರ ಮೇಲೆ 5% ಐಜಿಎಸ್‌ಟಿ ಇದೆ. ಮೌಲ್ಯಕ್ಕೆ ಸುಂಕವನ್ನು ಕೂಡಿಸಿ ಬಂದ 1,23,71,100ರ ಮೇಲೆ ಲೆಕ್ಕ ಹಾಕಿದರೆ 6,18,555 ರೂಪಾಯಿ. ಸುಂಕಕ್ಕಿಂತ ಹೆಚ್ಚು ಮೊತ್ತ ಇದೇ, ಅದೇ ಚಲನ್ನಿನಲ್ಲಿ, ಅದೇ ದಿನ ಕಟ್ಟುವುದೂ ಹೌದು. ಆದರೆ ಗೋಡಂಬಿ ಮಾರುವಾಗ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಇದನ್ನು ಮುರಿದುಕೊಳ್ಳಬಹುದು. ಹಾಗಾಗಿ ಅದು ಸರ್ಕಾರದ ಕಡೆಯಿಂದ ಬರಬೇಕಾದ ಹಣವೇ ಹೊರತು ಬೀಜದ ಬೆಲೆಯಲ್ಲ. ಚಲನ್ನಿನ ಪೂರ್ತಿ ಮೊತ್ತವನ್ನು ‘ಕಸ್ಟಮ್ಸ್ ಡ್ಯೂಟಿ’ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವುದು ಸಣ್ಣ ಕಾರ್ಖಾನೆಗಳಲ್ಲಿ ಬಹಳ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಕಿಲೋಗೆ ಆರು ರೂಪಾಯಿಗೂ ಹೆಚ್ಚು ಸುಳ್ಳು ಅಸಲು ಸೇರಿಕೊಳ್ಳುತ್ತದೆ. ಮಾಲೀಕರು ಅದನ್ನೇ ನಂಬಿ, ಬಂದ ಒಳ್ಳೆಯ ಗಿರಾಕಿಯನ್ನೂ ವಾಪಸು ಕಳಿಸುತ್ತಾರೆ.

ಕ್ಲಿಯರಿಂಗ್ ಏಜೆಂಟಿನ ಬಿಲ್ ಒಡೆದು ನೋಡಿದರೆ

ಕಾನೂನು ಅವರನ್ನು ‘ಕಸ್ಟಮ್ಸ್ ಬ್ರೋಕರ್’ ಎನ್ನುತ್ತದೆ, ಪರವಾನಗಿ ಕೊಡುತ್ತದೆ. ಮಂಗಳೂರಿನಲ್ಲಿ ಮಾತ್ರ ಈಗಲೂ ಅವರು ಕ್ಲಿಯರಿಂಗ್ ಏಜೆಂಟ್, ಇಲ್ಲವೇ ಸಿಎಚ್‌ಎ. ಬಿಲ್ ಆಫ್ ಎಂಟ್ರಿ ಸಲ್ಲಿಸುವುದು, ಸುಂಕ ಕಟ್ಟಿಸುವುದು, ಸಸ್ಯ ಸಂಗರೋಧ ಕೇಂದ್ರದ ಬಿಡುಗಡೆ ಆದೇಶ ತರುವುದು, ಹಡಗು ಕಂಪನಿಯಿಂದ ಡೆಲಿವರಿ ಆರ್ಡರ್ ಪಡೆಯುವುದು, ಲಾರಿಗೆ ಗೇಟ್ ಪಾಸ್ ಮಾಡಿಸುವುದು ಎಲ್ಲ ಅವರ ಕೆಲಸ.

ಅವರ ಬಿಲ್ ಎರಡು ಪುಟ ಇದ್ದರೆ ಅದರಲ್ಲಿ ಅವರ ಸ್ವಂತ ಶುಲ್ಕ ಒಂದೇ ಸಾಲು. ಉಳಿದದ್ದೆಲ್ಲ ಕಾರ್ಖಾನೆಯ ಪರವಾಗಿ ಅವರು ಬೇರೆಯವರಿಗೆ ಕೊಟ್ಟದ್ದು. ನಮ್ಮ ಉದಾಹರಣೆಯಲ್ಲಿ ಏಜೆಂಟಿನ ಶುಲ್ಕ 16,000 ರೂಪಾಯಿ. ಹಡಗು ಕಂಪನಿಯ ಟರ್ಮಿನಲ್ ಶುಲ್ಕ ಮತ್ತು ಡೆಲಿವರಿ ಆರ್ಡರಿಗೆ 48,000, ಸಸ್ಯ ತಪಾಸಣೆ ಮತ್ತು ಹೊಗೆ ಹಾಕಿಸಿದ್ದಕ್ಕೆ 20,000, ಬಂದರಿನೊಳಗೆ ಎತ್ತಿಳಿಸಿದ್ದಕ್ಕೆ 36,000. ಲಾರಿ ಬಾಡಿಗೆ 60,000, ಕಾರ್ಖಾನೆಯಲ್ಲಿ ಇಳಿಸಿದ ಕೂಲಿ 20,000. ಒಟ್ಟು ಎರಡು ಲಕ್ಷ ರೂಪಾಯಿ. ಇವುಗಳ ಮೇಲಿನ ಜಿಎಸ್‌ಟಿ ಹಿಂದಿರುಗುವಂಥದ್ದಾದರೆ ಅದನ್ನು ಬೇರೆ ತೆಗೆದಿಟ್ಟು, ಉಳಿದ ಮೊತ್ತವನ್ನು ಅಸಲಿಗೆ ಸೇರಿಸಬೇಕು. ಇವುಗಳಲ್ಲಿ ಯಾವೊಂದನ್ನು ಬಿಟ್ಟಿದ್ದರೂ ಬೀಜ ಕಾರ್ಕಳ ಸೇರುತ್ತಿರಲಿಲ್ಲ.

ಕಷ್ಟವಿರುವುದು ಈ ಬಿಲ್ ಬರುವ ಹೊತ್ತಿನಲ್ಲಿ. ಬೀಜ ಗೋದಾಮಿಗೆ ಬಂದು, ಬೇಯಿಸಿ, ಒಡೆಯಲು ಶುರುವಾಗಿ ಮೂರು ನಾಲ್ಕು ವಾರವಾದ ಮೇಲೆ ಬಿಲ್ ಮೇಜಿಗೆ ಬರುತ್ತದೆ. ಅಷ್ಟರಲ್ಲಿ ಆ ಬೀಜ 119 ರೂಪಾಯಿಯಂತೆ ಉತ್ಪಾದನೆಗೆ ಹೋಗಿಯಾಗಿರುತ್ತದೆ. ತಡವಾಗಿ ಬಂದ ಬಿಲ್ಲನ್ನು ಏನು ಮಾಡುವುದೆಂದು ತೋಚದೆ ‘ಕ್ಲಿಯರಿಂಗ್ ಚಾರ್ಜಸ್’ ಎಂಬ ಖರ್ಚಿನ ಖಾತೆಗೆ ತಳ್ಳುತ್ತಾರೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಸರಕು ಒಳಗೆ ಬಂದ ದಿನವೇ ಏಜೆಂಟರಿಂದ ಅಂದಾಜು ಪಟ್ಟಿ ತರಿಸಿ, ಆ ಮೊತ್ತವನ್ನು ಬೀಜದ ಅಸಲಿಗೆ ಕೂಡಿಸಿ, ಏಜೆಂಟರಿಗೆ ಕೊಡಬೇಕಾದದ್ದು ಎಂದು ಬರೆದಿಡುವುದು. ನಿಜವಾದ ಬಿಲ್ ಬಂದಾಗ ವ್ಯತ್ಯಾಸವನ್ನಷ್ಟೇ ಸರಿಪಡಿಸಿದರಾಯಿತು. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ಲೆಕ್ಕದ ತಂತ್ರಾಂಶಗಳಲ್ಲಿ ಖರೀದಿಗೆ ಹೆಚ್ಚುವರಿ ವೆಚ್ಚ ಹಂಚುವ ಸೌಲಭ್ಯ ಇದೆ. ಅದನ್ನು ತೆರೆದು ಬಳಸುವವರು ಕಡಿಮೆ.

ಬಂದರು ಬಾಡಿಗೆಯ ಗೆರೆ

ಇಡೀ ವಿಷಯದಲ್ಲಿ ಅತ್ಯಂತ ಹೆಚ್ಚು ವಾದ ಹುಟ್ಟುವ ಜಾಗ ಇದು.

ಬಂದರಿನಲ್ಲಿ ಕಂಟೇನರ್ ಕೂತರೆ ಎರಡು ಗಡಿಯಾರಗಳು ಓಡುತ್ತವೆ. ಒಂದು ನೆಲದ್ದು. ಮೊದಲ ಕೆಲವು ದಿನ ಉಚಿತ, ಆಮೇಲೆ ದಿನಕ್ಕಿಷ್ಟು ಬಾಡಿಗೆ, ದಿನ ಹೆಚ್ಚಿದಂತೆ ದರವೂ ಏರುತ್ತದೆ. ಇನ್ನೊಂದು ಪೆಟ್ಟಿಗೆಯದ್ದು. ಕಂಟೇನರ್ ಹಡಗು ಕಂಪನಿಯ ಆಸ್ತಿ. ಖಾಲಿ ಮಾಡಿ ಗಡುವಿನೊಳಗೆ ಒಪ್ಪಿಸದಿದ್ದರೆ ಅವರು ಡಿಟೆನ್ಷನ್ ಹಾಕುತ್ತಾರೆ, ಬಹುತೇಕ ಡಾಲರ್ ಲೆಕ್ಕದಲ್ಲಿ. ಕಾರ್ಖಾನೆಗಳಲ್ಲಿ ಎರಡನ್ನೂ ಸೇರಿಸಿ ‘ಡೆಮರೇಜ್’ ಎನ್ನುವುದು ರೂಢಿ. ಕೊಡುವುದು ಬೇರೆಬೇರೆಯವರಿಗೆ ಎಂಬುದು ನೆನಪಿರಲಿ.

ನಮ್ಮ ನಾಲ್ಕು ಕಂಟೇನರುಗಳು ಉಚಿತ ದಿನ ಮುಗಿದ ಮೇಲೂ ನಾಲ್ಕು ದಿನ ಕೂತವು. ಸಸ್ಯ ಸಂಗರೋಧದ ಮಾದರಿ ಪರೀಕ್ಷೆ ಮುಗಿದು ಬಿಡುಗಡೆ ಆದೇಶ ಬರಲು ಅಷ್ಟು ದಿನ ಎಂದಿನಂತೆ ಬೇಕು. ಪ್ರತಿ ಬಾರಿಯೂ ಬೇಕಾಗಿದೆ. ಇದಕ್ಕಾದ ಬಾಡಿಗೆ 24,000 ರೂಪಾಯಿ. ಕಾನೂನು ಕೇಳುವ ತಪಾಸಣೆ ಮುಗಿಯದೆ ಬೀಜ ಗೇಟು ದಾಟುವಂತಿಲ್ಲ. ಆದ್ದರಿಂದ ಇದು ಅಸಲಿಗೆ ಸೇರುತ್ತದೆ.

ಆಮೇಲೆ ಇನ್ನೂ ಒಂಬತ್ತು ದಿನ ಹೋಯಿತು. ಬ್ಯಾಂಕಿಗೆ ಬಂದ ಮೂಲ ದಾಖಲೆಗಳನ್ನು ಬಿಡಿಸಿಕೊಳ್ಳಲು ಕಾರ್ಖಾನೆಯ ಬಳಿ ಹಣ ಹೊಂದಿರಲಿಲ್ಲ. ಮೂಲ ಬಿಲ್ ಆಫ್ ಲೇಡಿಂಗ್ ಒಪ್ಪಿಸದೆ ಹಡಗು ಕಂಪನಿ ಡೆಲಿವರಿ ಆರ್ಡರ್ ಕೊಡುವುದಿಲ್ಲ. ಒಂಬತ್ತು ದಿನಕ್ಕೆ ನೆಲ ಬಾಡಿಗೆ 90,000, ಡಿಟೆನ್ಷನ್ 1,20,000. ಇದರ ಜೊತೆ ಇನ್ವಾಯ್ಸ್ ಮತ್ತು ಪ್ಯಾಕಿಂಗ್ ಪಟ್ಟಿಯನ್ನು ಏಜೆಂಟರಿಗೆ ಕಳಿಸುವುದೂ ತಡವಾಗಿ, ಬಿಲ್ ಆಫ್ ಎಂಟ್ರಿ ಗಡುವು ಮೀರಿ ಐದು ದಿನದ ಮೇಲೆ ಸಲ್ಲಿಕೆಯಾಯಿತು. ಹಡಗು ಬರುವ ಹಿಂದಿನ ದಿನದೊಳಗೇ ಅದನ್ನು ಸಲ್ಲಿಸಬೇಕೆಂದು 2021ರಿಂದ ನಿಯಮವಿದೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ನಂತರ ದಿನಕ್ಕೆ 10,000 ರೂಪಾಯಿ. ಐದು ದಿನಕ್ಕೆ 35,000 ಆಯಿತು. ಎಲ್ಲ ಸೇರಿ 2,45,000 ರೂಪಾಯಿ.

ಈ ಹಣ ಬೀಜದ ಅಸಲಿಗೆ ಸೇರಬೇಕೇ? ‘ಕೊಟ್ಟದ್ದಂತೂ ನಿಜ, ಕೊಡದೆ ಬೀಜ ಬಿಡುತ್ತಿರಲಿಲ್ಲವಲ್ಲ’ ಎಂದು ಮಾಲೀಕರು ಹೇಳುವುದುಂಟು. ಆ ಮಾತಿನಲ್ಲಿ ತೂಕವಿದೆ ಎನ್ನಿಸುತ್ತದೆ. ಆದರೆ ಈ ಖರ್ಚನ್ನು ಹುಟ್ಟಿಸಿದ್ದು ಬೀಜ ತರುವ ಕೆಲಸವಲ್ಲ, ತರುವುದರಲ್ಲಾದ ಎಡವಟ್ಟು. ಸರಿಯಾದ ಹೊತ್ತಿಗೆ ಹಣ ಹೊಂದಿದ್ದರೆ ಇದೇ ಬೀಜ ಇದೇ ಗೋದಾಮಿಗೆ ಈ ಖರ್ಚಿಲ್ಲದೆ ಬರುತ್ತಿತ್ತು. ವೆಚ್ಚ ಲೆಕ್ಕಿಗರ ಸಂಸ್ಥೆಯ ಸಾಮಗ್ರಿ ವೆಚ್ಚದ ಮಾನದಂಡ, ‘ಸಿಎಎಸ್ 6’, ಇದನ್ನು ಇನ್ನೂ ಖಡಾಖಂಡಿತವಾಗಿ ಹೇಳುತ್ತದೆ. ಡೆಮರೇಜ್, ಡಿಟೆನ್ಷನ್, ಅಧಿಕಾರಿಗಳು ಹಾಕಿದ ದಂಡ ಯಾವುದೂ ಸಾಮಗ್ರಿಯ ವೆಚ್ಚವಲ್ಲ. ಇವು ಆ ವರ್ಷದ ಲಾಭ ನಷ್ಟದ ಪಟ್ಟಿಯಲ್ಲಿ ಬೇರೆ ಸಾಲಾಗಿ ಕಾಣಬೇಕು.

ಹಾಗೆ ಬೇರೆ ಕಾಣುವುದೇ ನನ್ನ ಮಟ್ಟಿಗೆ ಈ ನಿಯಮದ ದೊಡ್ಡ ಉಪಯೋಗ. ಅಸಲಿನೊಳಗೆ ಬೆರೆತರೆ ಎರಡೂವರೆ ಲಕ್ಷ ನಷ್ಟವಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ‘ಈ ಸಲ ಬೀಜ ಸ್ವಲ್ಪ ದುಬಾರಿಯಾಯಿತು’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ. ಬೇರೆ ಸಾಲಾಗಿ ಬಂದರೆ ಮುಂದಿನ ಹಡಗಿಗೆ ಮೊದಲೇ ಹಣ ಹೊಂದಿಸಿಕೊಳ್ಳುವ ಮಾತು ಶುರುವಾಗುತ್ತದೆ.

ಗೆರೆ ಎಳೆಯುವುದು ಯಾವಾಗಲೂ ಇಷ್ಟು ಸುಲಭವಲ್ಲ. ಬಂದರಿನಲ್ಲಿ ಮುಷ್ಕರವಾಗಿ ತಡವಾದರೆ? ಮಳೆಗಾಲದಲ್ಲಿ ತಪಾಸಣೆ ನಿಧಾನವಾದರೆ? ಹಿಂದಿನ ಹತ್ತು ಹದಿನೈದು ಆಮದುಗಳ ದಾಖಲೆ ತೆಗೆದು, ಹಡಗು ಬಂದ ದಿನದಿಂದ ಗೇಟ್ ಪಾಸಿನವರೆಗೆ ಎಷ್ಟು ದಿನ ಹಿಡಿದಿದೆ ಎಂದು ನೋಡಿದರೆ ತಮ್ಮ ಕಾರ್ಖಾನೆಯ ಮಟ್ಟಿಗೆ ‘ಸಹಜ’ ಎಂದರೆ ಎಷ್ಟು ದಿನ ಎಂಬ ಅಳತೆ ಸಿಗುತ್ತದೆ. ಆ ಅಳತೆಯನ್ನು ಬರೆದಿಟ್ಟುಕೊಂಡು ಪ್ರತಿ ವರ್ಷ ಅದಕ್ಕೇ ಅಂಟಿಕೊಂಡರೆ ಲೆಕ್ಕಪರಿಶೋಧಕರೂ ತಕರಾರು ತೆಗೆಯುವುದಿಲ್ಲ. ಲಾಭ ಕಂಡ ವರ್ಷ ಒಂದು ಗೆರೆ, ನಷ್ಟದ ವರ್ಷ ಇನ್ನೊಂದು ಗೆರೆ ಎಳೆದರೆ ಮಾತ್ರ ಉತ್ತರ ಕೊಡುವುದು ಕಷ್ಟ.

ಒಣಗಿದ ತೂಕ, ಏರಿದ ದರ

ಹಡಗೇರುವಾಗ 100 ಟನ್ ಇದ್ದ ಬೀಜ ಗೋದಾಮಿನ ತಕ್ಕಡಿಯಲ್ಲಿ 98.5 ಟನ್ ತೂಗಿತು. ಕದ್ದದ್ದಲ್ಲ, ದಾರಿಯಲ್ಲಿ ತೇವ ಆರಿದ್ದು. ಗೇರುಬೀಜದಲ್ಲಿ ಇದು ಪ್ರತಿ ಬಾರಿ ಆಗುವ ಸಂಗತಿ. ಹೀಗೆ ಸಹಜವಾಗಿ ಕಡಿಮೆಯಾದ ತೂಕಕ್ಕೆ ಬೇರೆ ಖರ್ಚು ಬರೆಯುವುದಿಲ್ಲ. ಒಟ್ಟು ಅಸಲನ್ನು ಉಳಿದ ತೂಕದ ಮೇಲೆ ಹಂಚುತ್ತಾರೆ. ಅದೇ ಹತ್ತು ಚೀಲ ನೆನೆದು ಬೂಷ್ಟು ಹಿಡಿದು ಎಸೆಯಬೇಕಾದರೆ ಅದು ಅಸಹಜ, ವಿಮೆಯಿಂದ ಬಂದದ್ದನ್ನು ಕಳೆದು ಉಳಿದದ್ದನ್ನು ನಷ್ಟಕ್ಕೆ ಬರೆಯಬೇಕು.

ಈಗ ಕೂಡೋಣ. ಖರೀದಿ 1,19,00,000, ಸುಂಕ 3,31,100, ತರುವ ಖರ್ಚು 2,00,000, ಸಹಜ ಬಂದರು ಬಾಡಿಗೆ 24,000. ಒಟ್ಟು 1,24,55,100 ರೂಪಾಯಿ. 98,500 ಕಿಲೋಗೆ ಹಂಚಿದರೆ ಕಿಲೋಗೆ 126 ರೂಪಾಯಿ 45 ಪೈಸೆ. ಫೋನಿನಲ್ಲಿ ಕುದುರಿದ ದರಕ್ಕಿಂತ ಏಳೂವರೆ ರೂಪಾಯಿಯಷ್ಟು ಹೆಚ್ಚು.

ಏಳೂವರೆ ರೂಪಾಯಿ ದೊಡ್ಡದೇ ಎನ್ನುವವರು ತಿರುಳಿನ ಲೆಕ್ಕ ನೋಡಬೇಕು. ಔಟ್‌ಟರ್ನ್ 48 ಪೌಂಡ್ ಎಂದರೆ 80 ಕಿಲೋ ಬೀಜಕ್ಕೆ ಸುಮಾರು 21.8 ಕಿಲೋ ತಿರುಳು. ಒಂದು ಕಿಲೋ ಗೋಡಂಬಿಗೆ ಸುಮಾರು 3.7 ಕಿಲೋ ಬೀಜ ಬೇಕು. ಬೀಜದಲ್ಲಿ ತಪ್ಪಿದ ಏಳೂವರೆ ರೂಪಾಯಿ ಗೋಡಂಬಿಯಲ್ಲಿ ಇಪ್ಪತ್ತೇಳು ರೂಪಾಯಿಯಾಗಿ ಏಳುತ್ತದೆ. ಕಿಲೋಗೆ ಐದು ಹತ್ತು ರೂಪಾಯಿಯ ಚೌಕಾಶಿಯಲ್ಲಿ ವ್ಯವಹಾರ ಕುದುರುವ ಈ ಮಾರುಕಟ್ಟೆಯಲ್ಲಿ ಇಪ್ಪತ್ತೇಳು ರೂಪಾಯಿ ಮರೆತು ದರ ಹೇಳಿದವರು ಸೀಸನ್ ಪೂರ್ತಿ ದುಡಿದು ಕೈಯಿಂದ ಹಾಕಿಕೊಳ್ಳುತ್ತಾರೆ.

ಮಾರ್ಚ್ 31ರ ಸಂಜೆ

ವರ್ಷದ ಕೊನೆಯ ದಿನ ಈ ಬೀಜದಲ್ಲಿ 60 ಟನ್ ಗೋದಾಮಿನಲ್ಲಿ ಉಳಿದಿದೆ ಎನ್ನಿ. ಸರಿಯಾದ ಅಸಲಿನಲ್ಲಿ ಅದರ ಬೆಲೆ 75,87,000 ರೂಪಾಯಿ. ಸುಂಕ, ಕ್ಲಿಯರಿಂಗ್ ಖರ್ಚುಗಳನ್ನೆಲ್ಲ ಖರ್ಚಿನ ಖಾತೆಗೆ ತಳ್ಳಿ, ದಾಸ್ತಾನನ್ನು ಇನ್ವಾಯ್ಸ್ ದರದಲ್ಲೇ ಬರೆದರೆ 71,40,000. ಇನ್ನೂ ಒಡೆಯದ ಬೀಜದ ಖರ್ಚು ಈ ವರ್ಷಕ್ಕೇ ಬಿದ್ದು, ಲಾಭ 4,47,000 ರೂಪಾಯಿ ಕಡಿಮೆ ಕಾಣುತ್ತದೆ. ಮುಂದಿನ ವರ್ಷ ಅಷ್ಟೇ ಹೆಚ್ಚು ಕಾಣುತ್ತದೆ. ದುಡಿಯುವ ಬಂಡವಾಳದ ಸಾಲವನ್ನು ಬ್ಯಾಂಕು ಪ್ರತಿ ತಿಂಗಳ ದಾಸ್ತಾನು ಪಟ್ಟಿ ನೋಡಿ ನಿರ್ಧರಿಸುವುದರಿಂದ ಪಡೆಯಬಹುದಾದ ಹಣವೂ ಕುಗ್ಗುತ್ತದೆ. ಹಣ ಹೊಂದದೆ ಮುಂದಿನ ಕಂಟೇನರ್ ಬಂದರಿನಲ್ಲಿ ಕೂರುತ್ತದೆ.

ಉಲ್ಟಾ ತಪ್ಪೂ ಉಂಟು. ಆ 2,45,000 ರೂಪಾಯಿ ಡೆಮರೇಜನ್ನು ಅಸಲಿಗೆ ಸೇರಿಸಿದರೆ ಕಿಲೋಗೆ ಎರಡೂವರೆ ರೂಪಾಯಿ ಹತ್ತಿರ ಏರುತ್ತದೆ. ಉಳಿದ 60 ಟನ್ನಿನೊಳಗೆ ಸುಮಾರು 1,49,200 ರೂಪಾಯಿ ನಷ್ಟ ಅಡಗಿ ಮುಂದಿನ ವರ್ಷಕ್ಕೆ ದಾಟುತ್ತದೆ. ಆಸ್ತಿಯೆಂದು ತೋರಿಸಿದ ಆ ಮೊತ್ತದ ಹಿಂದೆ ಒಂದು ಕಾಳು ಬೀಜವೂ ಇರುವುದಿಲ್ಲ.

ಡಾಲರಿನ ಏರಿಳಿತವೂ ಹೀಗೆ ನುಸುಳಲು ನೋಡುತ್ತದೆ. ಮಾರುವವನಿಗೆ ಹಣ ಕಳಿಸುವ ಹೊತ್ತಿಗೆ ಡಾಲರ್ 86 ರೂಪಾಯಿ 50 ಪೈಸೆ ಆಗಿದ್ದರೆ 2,10,000 ರೂಪಾಯಿ ಹೆಚ್ಚು ಕೊಡಬೇಕು. ಅದನ್ನು ಬೀಜದ ಮೇಲೆ ಹೊರಿಸುವಂತಿಲ್ಲ. ಬೀಜ ಕೊಂಡದ್ದು 85ಕ್ಕೆ, ಆಮೇಲಿನದ್ದು ಸಾಲ ತೀರಿಸುವುದರಲ್ಲಿ ಆದ ನಷ್ಟ. ಬ್ಯಾಂಕಿನ ಬಡ್ಡಿಯೂ ಇದೇ ಸಾಲಿಗೆ ಸೇರಿದ್ದು.

ಅದೇ ಸಂಜೆ ಗೋದಾಮಿನ ಹೊರಗಿರುವ ಬೀಜವನ್ನೂ ಎಣಿಸಬೇಕು. ಸಿಐಎಫ್ ಒಪ್ಪಂದದಲ್ಲಿ ಸರಕು ಹಡಗೇರಿದ ಗಳಿಗೆಯಿಂದ ಅದರ ಅಪಾಯ ಕೊಂಡವನದು. ಹಿಂದೂ ಮಹಾಸಾಗರದ ನಡುವೆ ತೇಲುತ್ತಿರುವ ಕಂಟೇನರೂ ಕಾರ್ಖಾನೆಯ ದಾಸ್ತಾನೇ. ಅದಕ್ಕೆ ಇನ್ನೂ ಸುಂಕ ಸೇರುವುದಿಲ್ಲ. ಆದರೆ ಪಣಂಬೂರಿಗೆ ಬಂದು ಬಾಂಡ್ ಗೋದಾಮಿನಲ್ಲಿ ಕೂತ ಬೀಜಕ್ಕೆ ಸುಂಕ ಕಟ್ಟಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಡುವಂತಿಲ್ಲ. ದೇಶದೊಳಗೆ ಬಂದಾಗಲೇ ಸುಂಕದ ಹೊಣೆ ಹುಟ್ಟಿದೆ. ಒಂದು ಕಡೆ ಅಸಲಿಗೆ, ಇನ್ನೊಂದು ಕಡೆ ಕೊಡಬೇಕಾದ ಬಾಕಿಗೆ ಅದನ್ನು ಬರೆಯಬೇಕು.

ಸುಂಕವೇ ಇಲ್ಲದ ಬೀಜ

ಎಲ್ಲ ಆಫ್ರಿಕಾದ ಬೀಜಕ್ಕೂ ಸುಂಕ ಬೀಳುವುದಿಲ್ಲ. ಅತಿ ಹಿಂದುಳಿದ ದೇಶಗಳ ಸರಕಿಗೆ ಭಾರತ 2008ರಿಂದ ಸುಂಕ ವಿನಾಯಿತಿ ಕೊಡುತ್ತಿದೆ. ಬೆನಿನ್, ಗಿನಿ ಬಿಸಾವು, ಟಾಂಜಾನಿಯಾಗಳು ಆ ದೇಶಗಳ ಸಾಲಿನಲ್ಲಿವೆ, ಗೇರುಬೀಜವೂ ವಿನಾಯಿತಿಯ ಪಟ್ಟಿಯಲ್ಲಿದೆ. ಐವರಿ ಕೋಸ್ಟ್, ಘಾನಾ ಆ ಸಾಲಿನಲ್ಲಿಲ್ಲ. ಹಾಗಾಗಿ ಎರಡು ದೇಶಗಳ ಬೀಜ ಒಂದೇ ಹಡಗಿನಲ್ಲಿ ಬಂದರೂ ಅಸಲನ್ನು ಸರಾಸರಿ ಹಾಕಿ ಹಂಚಕೂಡದು. ಸುಂಕ ಬಿದ್ದ ಬೀಜಕ್ಕೇ ಸುಂಕ ಹೋಗಬೇಕು. ಲಾರಿ ಬಾಡಿಗೆ, ಎತ್ತಿಳಿಸುವ ಕೂಲಿಗಳನ್ನು ಮಾತ್ರ ತೂಕದ ಮೇಲೆ ಇಲ್ಲವೇ ಕಂಟೇನರಿನ ಲೆಕ್ಕದಲ್ಲಿ ಹಂಚಬಹುದು.

ಈ ವಿನಾಯಿತಿ ನಿಂತಿರುವುದು ಮೂಲ ದೇಶದ ಪ್ರಮಾಣಪತ್ರದ ಮೇಲೆ. ನೆರೆದೇಶದ ಬೀಜ ಗಡಿ ದಾಟಿ ಬಂದು ಬೇರೆ ದೇಶದ ಹೆಸರಿನಲ್ಲಿ ಹಡಗೇರಿದೆ ಎಂಬ ಅನುಮಾನ ಬಂದರೆ ಸುಂಕ ಇಲಾಖೆ ಹಳೆಯ ಆಮದನ್ನೂ ಮತ್ತೆ ತೆರೆಯಬಹುದು. ಸಾಮಾನ್ಯವಾಗಿ ಎರಡು ವರ್ಷದೊಳಗೆ, ವಂಚನೆಯ ಆರೋಪವಿದ್ದರೆ ಐದು ವರ್ಷದವರೆಗೆ ಬಾಕಿ ಸುಂಕ ಕೇಳುವ ಅಧಿಕಾರ ಅದಕ್ಕಿದೆ. ಅಷ್ಟು ಹೊತ್ತಿಗೆ ಆ ಬೀಜ ಒಡೆದು, ಗೋಡಂಬಿಯಾಗಿ, ಎಲ್ಲೋ ಮದುವೆಯ ಪಾಯಸಕ್ಕೆ ಬಿದ್ದು ಮುಗಿದಿರುತ್ತದೆ. ಆಗ ಬರುವ ಸುಂಕವನ್ನು ಸೇರಿಸಲು ದಾಸ್ತಾನೇ ಇರುವುದಿಲ್ಲ. ಅದು ನೇರವಾಗಿ ಆ ವರ್ಷದ ಲಾಭವನ್ನು ತಿನ್ನುತ್ತದೆ, ಬಡ್ಡಿಯೂ ಜೊತೆಗಿರುತ್ತದೆ.

2020ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನಿಯಮದಂತೆ ಸರಕು ನಿಜವಾಗಿ ಆ ದೇಶದ್ದೇ ಎಂದು ತೋರಿಸುವ ಮಾಹಿತಿ ಆಮದುದಾರರ ಕೈಯಲ್ಲೇ ಇರಬೇಕು, ಪ್ರಮಾಣಪತ್ರ ಒಂದೇ ಸಾಲದು. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದಿಂದ ಐದು ವರ್ಷ ಆ ಕಾಗದಗಳನ್ನು ಇಟ್ಟುಕೊಂಡಿರಬೇಕು. ಹೆಚ್ಚಿನ ಕಾರ್ಖಾನೆಗಳಲ್ಲಿ ಅವು ಕ್ಲಿಯರಿಂಗ್ ಏಜೆಂಟಿನ ಕಪಾಟಿನಲ್ಲಿರುತ್ತವೆ. ಏಜೆಂಟರನ್ನು ಬದಲಿಸುವ ಮೊದಲು ಅವನ್ನು ತರಿಸಿಕೊಂಡು, ಪ್ರತಿ ಹಡಗಿಗೆ ಒಂದು ಫೈಲ್ ಮಾಡಿ, ಅದೇ ಫೈಲಿನಲ್ಲಿ ಆ ಬೀಜದ ಅಸಲಿನ ಹಾಳೆಯನ್ನೂ ಸೇರಿಸಿಡಬೇಕು.